ಲೆಕ್ಕದಲ್ಲಿ ಕ್ಯಾಲರಿ ಕಮ್ಮಿ, ತೂಕ ಮಾತ್ರ ಇಳಿಯುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ, ಎತ್ತರ 162 ಸೆಂ.ಮೀ., ಶುರು ಮಾಡಿದಾಗ ತೂಕ 72 ಕೆಜಿ. ಐದು ವಾರದಿಂದ ತಿಂದದ್ದನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡ್ತಿದ್ದೀನಿ. ಆಹಾರದ ಪಟ್ಟಿ ಒಂದು ಶೀಟ್‌ನಲ್ಲಿದೆ, ಹೆಸರು ಹಾಕಿದರೆ ಕ್ಯಾಲರಿ ತಾನೇ ಬರುತ್ತೆ. ಗುರಿ ದಿನಕ್ಕೆ 1500, ನನ್ನ ಸರಾಸರಿ 1480. ಆದರೂ ತೂಕದ ಚಾರ್ಟ್ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಆಡ್ತಿದೆ. ನಾಲ್ಕನೇ ವಾರಕ್ಕಂತೂ ಮೊದಲಿದ್ದಲ್ಲಿಗೇ ಬಂದು ನಿಂತಿದ್ದೆ. ತಪ್ಪು ಶೀಟ್‌ನಲ್ಲಿದೆಯಾ, ನನ್ನ ಮೈಯಲ್ಲಿದೆಯಾ? ಗುರಿಯನ್ನು 1200ಕ್ಕೆ ಇಳಿಸಲಾ?

ಉತ್ತರ: ಈಗಲೇ 1200ಕ್ಕೆ ಇಳಿಸಬೇಡಿ. ನೀವು ಕಳಿಸಿದ ಶೀಟನ್ನು ಸಾಲು ಸಾಲಾಗಿ ನೋಡಿದೆ. ತಪ್ಪು ಮೂರು ಕಡೆ ಇದೆ, ಮೂರೂ ಶೀಟ್‌ನಲ್ಲೇ ಇವೆ. ಇನ್ನೊಂದು ವಿಷಯ, ನಿಮ್ಮ ತೂಕ ಇಳಿದಿದೆ. ನೀವು ಅಂದುಕೊಂಡಷ್ಟು ಇಳಿದಿಲ್ಲ, ಅಷ್ಟೇ. ಎಷ್ಟು ಇಳಿದಿದೆ ಅನ್ನೋದರಿಂದಲೇ ಶುರು ಮಾಡೋಣ, ಯಾಕೆಂದರೆ ಉಳಿದ ಲೆಕ್ಕವನ್ನೆಲ್ಲ ಪರೀಕ್ಷೆ ಮಾಡುವುದು ಆ ಒಂದು ಸಂಖ್ಯೆ.

ನಿಮ್ಮ ಚಾರ್ಟ್‌ನಲ್ಲಿ ಪ್ರತಿದಿನದ ತೂಕವನ್ನೇ ಗೆರೆಯಾಗಿ ಜೋಡಿಸಿದ್ದೀರಿ. ಅದಕ್ಕೇ ಗರಗಸದ ಹಲ್ಲು ಕಾಣಿಸುತ್ತಿದೆ. ಬೆಳಗಿನ ತೂಕದಲ್ಲಿ ಕೊಬ್ಬು, ಸ್ನಾಯು, ಮೂಳೆ ಜೊತೆಗೆ ಹೊಟ್ಟೆಯಲ್ಲಿರುವ ಊಟವೂ ಇದೆ, ಮೈಯಲ್ಲಿ ನಿಂತ ನೀರೂ ಇದೆ. ಹಿಂದಿನ ರಾತ್ರಿ ಉಪ್ಪು ಜಾಸ್ತಿ ತಿಂದಿದ್ದರೆ ಮರುದಿನ ನೀರು ಜಾಸ್ತಿ ನಿಲ್ಲುತ್ತದೆ. ಹಿಟ್ಟು, ಅನ್ನ ಹೆಚ್ಚು ತಿಂದ ದಿನ ಮೈ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಹೀಗಾಗಿ ಒಂದೇ ರಾತ್ರಿಯಲ್ಲಿ ಒಂದು ಕೆಜಿ ಏರುವುದು ದೊಡ್ಡ ಸಂಗತಿಯಲ್ಲ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗಿದ್ದಕ್ಕಿಂತ ಸುಮಾರು 7700 ಕ್ಯಾಲರಿ ಹೆಚ್ಚಿಗೆ ತಿಂದಿರಬೇಕು. ಅದು ಒಂದು ರಾತ್ರಿಯಲ್ಲಿ ಆಗುವ ಮಾತಲ್ಲ ಅಲ್ವಾ?

ದಿನದ ತೂಕವನ್ನು ಚುಕ್ಕಿಯಾಗಿ ಇಡಿ, ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಬೇಡಿ. ಪಕ್ಕದ ಕಾಲಂನಲ್ಲಿ ಹಿಂದಿನ ಏಳು ದಿನದ ಸರಾಸರಿ ತೆಗೆದು, ಅದನ್ನು ಮಾತ್ರ ದಪ್ಪ ಗೆರೆ ಮಾಡಿ. ತೂಕ B ಕಾಲಂನಲ್ಲಿದ್ದರೆ ಏಳನೇ ದಿನದ ಸಾಲಿನಲ್ಲಿ ಹೀಗೆ ಹಾಕಿ ಕೆಳಗೆ ಎಳೆಯಿರಿ:

```
=AVERAGE(B2:B8)
```

ತೂಕ ನೋಡದ ದಿನ ಆ ಮನೆ ಖಾಲಿ ಇರಲಿ. ನೀವು ಎರಡು ದಿನ ಸೊನ್ನೆ ಹಾಕಿದ್ದೀರಿ. ಖಾಲಿ ಮನೆಯನ್ನು AVERAGE ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ. ಒಂದು ಸೊನ್ನೆ ಸೇರಿದರೆ ಸಾಕು, ಏಳು ದಿನದ ಸರಾಸರಿ ಹತ್ತು ಕೆಜಿ ಕುಸಿದುಬಿಡುತ್ತದೆ. ಚಾರ್ಟ್‌ನ ಲಂಬ ಅಕ್ಷವೂ ಸೊನ್ನೆಯಿಂದ ಶುರುವಾಗಬೇಕಿಲ್ಲ. 69ರಿಂದ 74ರವರೆಗೆ ಇಟ್ಟರೆ ಅರ್ಧ ಕೆಜಿ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಬಿಗಿ ಮಾಡಿದರೆ ಪ್ರತಿ ಸಣ್ಣ ಅಲುಗಾಟವೂ ಬೆಟ್ಟದಂತೆ ಕಂಡು ಗಾಬರಿಯಾಗುತ್ತದೆ.

ಆ ಎರಡು ಸೊನ್ನೆ ತೆಗೆದು ನಿಮ್ಮ ಐದು ವಾರಗಳ ಸರಾಸರಿ ನೋಡಿದೆ. ಕ್ರಮವಾಗಿ 71.9, 71.6, 71.5, 71.9, 71.4 ಬಂತು. ನಾಲ್ಕನೇ ವಾರ ನಿಮ್ಮ ಎದೆ ಧಸಕ್ಕೆಂದಿದ್ದು ಸಹಜ. ಆದರೆ ನಿಮ್ಮ ಟಿಪ್ಪಣಿ ಕಾಲಂ ನೋಡಿ. ಮುಟ್ಟಿನ ಮೊದಲ ದಿನ ಅಂತ ಎರಡು ಕಡೆ ಗುರುತು ಹಾಕಿದ್ದೀರಿ, ಒಂದು ಮೊದಲ ವಾರದ ಆರಂಭದಲ್ಲಿ, ಇನ್ನೊಂದು ಐದನೇ ವಾರದ ಆರಂಭದಲ್ಲಿ. ಅಂದರೆ ನಾಲ್ಕನೇ ವಾರ ಮುಟ್ಟಿನ ಹಿಂದಿನ ವಾರ. ಆ ದಿನಗಳಲ್ಲಿ ಹಲವು ಹೆಂಗಸರಿಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಕೊಬ್ಬು ಇಳಿಯುತ್ತಲೇ ಇದ್ದರೂ ನೀರು ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಮುಟ್ಟಾಗುವವರು ಒಂದು ವಾರವನ್ನು ಅದರ ಹಿಂದಿನ ವಾರದ ಜೊತೆ ಹೋಲಿಸಬಾರದು. ಈ ತಿಂಗಳಿನ ಒಂದು ವಾರವನ್ನು ಹೋದ ತಿಂಗಳಿನ ಅದೇ ವಾರದ ಜೊತೆ ಹೋಲಿಸಬೇಕು. ನಿಮ್ಮಲ್ಲಿ ಅದು ಒಂದನೇ ವಾರ ಮತ್ತು ಐದನೇ ವಾರ. 71.9ರಿಂದ 71.4. ಅಂದರೆ 28 ದಿನದಲ್ಲಿ ಅರ್ಧ ಕೆಜಿ ಇಳಿದಿದೆ.

ಈ ಅರ್ಧ ಕೆಜಿಯನ್ನು ಕ್ಯಾಲರಿಗೆ ತಿರುಗಿಸೋಣ. 0.5ನ್ನು 7700ರಿಂದ ಗುಣಿಸಿ 28ರಿಂದ ಭಾಗಿಸಿದರೆ 138 ಬರುತ್ತದೆ. ತಿಂದದ್ದಕ್ಕಿಂತ ಖರ್ಚು ದಿನಕ್ಕೆ ಸುಮಾರು 138 ಕ್ಯಾಲರಿ ಹೆಚ್ಚಿತ್ತು ಅಂತ ನಿಮ್ಮ ಮೈ ಹೇಳುತ್ತಿದೆ.

ನಿಮ್ಮ ಶೀಟ್ ಏನು ಹೇಳುತ್ತದೆ? ನೀವು ಬಳಸಿರುವುದು 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ಒಳ್ಳೆಯ ಆಯ್ಕೆ. ಹೆಂಗಸರಿಗೆ ಅದು ಹೀಗಿದೆ:

```
10 × ಕೆಜಿ + 6.25 × ಸೆಂ.ಮೀ. − 5 × ವಯಸ್ಸು − 161
```

ನಿಮ್ಮ ಅಂಕಿಗಳನ್ನು ಹಾಕಿದರೆ 1402 ಬರುತ್ತದೆ. ಇದು ಸುಮ್ನೆ ಮಲಗಿದ್ದರೂ ಮೈಗೆ ಬೇಕಾಗುವ ಕ್ಯಾಲರಿ. ಓಡಾಟಕ್ಕೆ ಅಂತ ಅದನ್ನು 1.4ರಿಂದ ಗುಣಿಸಿ 1962 ಮಾಡಿಕೊಂಡಿದ್ದೀರಿ. ಅದರಲ್ಲಿ 1480 ಕಳೆದರೆ ದಿನಕ್ಕೆ 482 ಉಳಿಯುತ್ತದೆ. ಶೀಟ್ ನಿಜ ಹೇಳಿದ್ದರೆ 28 ದಿನದಲ್ಲಿ ಒಂದು ಮುಕ್ಕಾಲು ಕೆಜಿ ಇಳಿಯಬೇಕಿತ್ತು. ಶೀಟ್ 482 ಅನ್ನುತ್ತದೆ, ತೂಕ 138 ಅನ್ನುತ್ತದೆ. ನಡುವೆ ದಿನಕ್ಕೆ 344 ಕ್ಯಾಲರಿ ಎಲ್ಲೋ ಕಾಣೆಯಾಗಿದೆ. ಇಂಥ ಕಡೆ ನಾನು ಯಾವಾಗಲೂ ತೂಕದ ಮಾತನ್ನೇ ನಂಬುತ್ತೇನೆ. ಶೀಟ್‌ನಲ್ಲಿರುವುದೆಲ್ಲ ಅಂದಾಜು, ತೂಕವೊಂದೇ ಅಳತೆ ಮಾಡಿದ್ದು.

ಈಗ ತಪ್ಪುಗಳಿಗೆ ಬರೋಣ. ಮೊದಲನೆಯದು ನಿಮ್ಮ ಪಟ್ಟಿಯಲ್ಲಿ "ಅಕ್ಕಿ" ಅನ್ನುವ ಸಾಲು. ಅಲ್ಲಿ 100 ಗ್ರಾಂಗೆ 130 ಕ್ಯಾಲರಿ ಅಂತಿದೆ. ಅದು ಅಕ್ಕಿಯದಲ್ಲ, ಅನ್ನದ್ದು. ಬೇಯಿಸದ ಬಿಳಿ ಅಕ್ಕಿಗೆ 100 ಗ್ರಾಂಗೆ ಸುಮಾರು 360 ಇರುತ್ತದೆ. ಬೆಂದಾಗ ಅದು ನೀರು ಕುಡಿದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ಕ್ಯಾಲರಿ ಅಷ್ಟೇ ಇರುತ್ತದೆ. ಅದಕ್ಕೇ 100 ಗ್ರಾಂ ಅನ್ನದ ಲೆಕ್ಕ ಕೆಳಗೆ ಬರುತ್ತದೆ. ನಮ್ಮ ಮಾತಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರಿದೆ, ಗೊಂದಲವೇ ಆಗಬಾರದು. ಆದರೆ ನೀವು ಅಂಕಿ ತೆಗೆದುಕೊಂಡಿರುವುದು ಇಂಗ್ಲಿಷ್ ಪಟ್ಟಿಯಿಂದ. ಅಲ್ಲಿ ಎರಡಕ್ಕೂ ಒಂದೇ ಹೆಸರು, ಬೆಂದದ್ದೋ ಹಸಿಯೋ ಅನ್ನುವುದು ಅದರ ಬಾಲದಲ್ಲಿ ಬರುತ್ತದೆ. ಆ ಬಾಲ ನಿಮ್ಮ ಕಣ್ಣು ತಪ್ಪಿದೆ.

ನೀವು ದಿನಕ್ಕೆ 60 ಗ್ರಾಂ ಅಕ್ಕಿ ತೂಗಿ ಬೇಯಿಸುತ್ತೀರಿ. ಅದರಲ್ಲಿ 216 ಕ್ಯಾಲರಿ ಇದೆ. ಶೀಟ್ ಬರೆದುಕೊಂಡಿರುವುದು 78. ದಿನಕ್ಕೆ 138 ತಪ್ಪಿಹೋಗಿದೆ.

ಬೇಳೆ, ಕಾಳುಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಬೆಂದರೂ ಬೇಳೆ, ಬೇಯದಿದ್ದರೂ ಬೇಳೆ ಅಂತಲೇ ನಾವು ಕರೆಯುತ್ತೇವೆ. ಅಲ್ಲೂ ಮೂರು ಪಟ್ಟಿನಷ್ಟು ವ್ಯತ್ಯಾಸ ಇದೆ, ಹಸಿಗೆ 350ರ ಆಸುಪಾಸು, ಬೆಂದದ್ದಕ್ಕೆ 116ರ ಆಸುಪಾಸು. ನಿಮ್ಮ ಪಟ್ಟಿಯಲ್ಲಿ ಬೇಳೆ ಸರಿ ಇದೆ. ಆದರೂ ಹೆಸರನ್ನು "ಬೇಳೆ (ಹಸಿ)", "ಬೇಳೆ (ಬೆಂದದ್ದು)" ಅಂತ ಎರಡು ಸಾಲು ಮಾಡಿಕೊಳ್ಳಿ. ಮಾಂಸಕ್ಕೂ ಇದೇ ನಿಯಮ, ಅಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಬೆಂದಾಗ ಅದು ನೀರು ಬಿಟ್ಟು ಹಗುರಾಗುತ್ತದೆ, 100 ಗ್ರಾಂನ ಕ್ಯಾಲರಿ ಏರುತ್ತದೆ.

ಎರಡನೇ ತಪ್ಪು ಸೂತ್ರದ್ದು. ಇದು ಯಾರಿಗೂ ಸದ್ದು ಮಾಡದೆ ಕೂತಿರುತ್ತದೆ, ಅದಕ್ಕೇ ನನಗೆ ಇದರ ಭಯ ಹೆಚ್ಚು. ನಿಮ್ಮ ಸೂತ್ರ ಹೀಗಿದೆ:

```
=VLOOKUP(B2,Foods!$A$2:$E$61,2)*C2/100
```

ಕೊನೆಯಲ್ಲಿ FALSE ಇಲ್ಲ. ಅದನ್ನು ಬಿಟ್ಟರೆ VLOOKUP ಸರಿಯಾದ ಹೆಸರನ್ನೇ ಹುಡುಕಬೇಕು ಅಂದುಕೊಳ್ಳುವುದಿಲ್ಲ. ಹೆಸರು ಸಿಗದಿದ್ದರೆ ಅಕ್ಷರ ಕ್ರಮದಲ್ಲಿ ಅದರ ಹಿಂದಿರುವ ಹೆಸರಿನ ಅಂಕಿಯನ್ನು ತಂದುಕೊಡುತ್ತದೆ. ನೀವು ದಿನಾ 100 ಗ್ರಾಂ ಮೊಸರು ಬರೆದಿದ್ದೀರಿ. ಪಟ್ಟಿಯಲ್ಲಿ ಮೊಸರು ಇಲ್ಲವೇ ಇಲ್ಲ! ಅಕ್ಷರ ಕ್ರಮದಲ್ಲಿ ಅದರ ಹಿಂದೆ ಇರುವುದು ಮೊಟ್ಟೆ. ಹಾಗಾಗಿ ಐದು ವಾರವೂ ನಿಮ್ಮ ಮೊಸರಿಗೆ ಮೊಟ್ಟೆಯ ಅಂಕಿ ಬಿದ್ದಿದೆ, 100 ಗ್ರಾಂಗೆ 143. ಕೆನೆ ತೆಗೆಯದ ಹಾಲಿನ ಮೊಸರಿಗೆ ಇರಬೇಕಾದದ್ದು ಸುಮಾರು 61. ಇಲ್ಲಿ ದಿನಕ್ಕೆ 82 ಕ್ಯಾಲರಿ ಜಾಸ್ತಿ ಬರೆದುಕೊಂಡಿದ್ದೀರಿ.

ಅಕ್ಕಿಯಲ್ಲಿ ಕಮ್ಮಿ, ಮೊಸರಿನಲ್ಲಿ ಜಾಸ್ತಿ. ಒಂದು ತಪ್ಪು ಇನ್ನೊಂದನ್ನು ಸ್ವಲ್ಪ ಮುಚ್ಚಿಟ್ಟಿತ್ತು. ಅದಕ್ಕೇ ದಿನದ ಮೊತ್ತ ನೋಡಿದಾಗ ಎಲ್ಲವೂ ಸರಿಯಾಗಿರುವಂತೆ ಕಂಡಿದೆ. ಸೂತ್ರವನ್ನು ಹೀಗೆ ಬದಲಿಸಿ:

```
=VLOOKUP(TRIM(B2),Foods!$A$2:$E$61,2,FALSE)*C2/100
```

TRIM ಹಾಕಿದ್ದು ಹೆಸರಿನ ಮುಂದೆ ಹಿಂದೆ ಅಪ್ಪಿತಪ್ಪಿ ಉಳಿದ ಖಾಲಿ ಜಾಗವನ್ನು ತೆಗೆಯಲು. ಈಗ ಪಟ್ಟಿಯಲ್ಲಿಲ್ಲದ ಹೆಸರು ಬರೆದರೆ #N/A ಅಂತ ಬರುತ್ತದೆ. ಆ ದಿನದ ಮೊತ್ತವೂ #N/A ಆಗುತ್ತದೆ. ಅದು ಚೆನ್ನಾಗಿ ಕಾಣಲ್ಲ ಅಂತ IFERROR ಹಾಕಿ ಸೊನ್ನೆ ತೋರಿಸುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಸೊನ್ನೆ ಬಂದರೆ ತಿಂದ ಊಟ ಲೆಕ್ಕದಿಂದ ಸದ್ದಿಲ್ಲದೆ ಮಾಯವಾಗುತ್ತದೆ. #N/A ಕಣ್ಣಿಗೆ ಚುಚ್ಚುತ್ತದೆ, ಆಗ ನೀವೇ ಹೋಗಿ ಪಟ್ಟಿಗೆ ಆ ಸಾಲು ಸೇರಿಸುತ್ತೀರಿ.

ಮೂರನೆಯದು ಎಣ್ಣೆ. ಲಾಗ್‌ನಲ್ಲಿ ದಿನಾ "ಎಣ್ಣೆ, 5 ಗ್ರಾಂ" ಅಂತ ಒಂದೇ ಸಾಲು ಇದೆ. ನನಗೆ ಅನುಮಾನ ಬಂದು, ಒಂದು ವಾರ ಎಣ್ಣೆ ಬಾಟಲಿಯನ್ನು ತೂಗಿ ಅಂತ ನಿಮಗೆ ಬರೆದಿದ್ದೆ. ವಾರದ ಮೊದಲ ದಿನ ಮತ್ತು ಕೊನೆಯ ದಿನದ ನಡುವೆ 490 ಗ್ರಾಂ ಖಾಲಿಯಾಗಿದೆ, ಮನೆಯಲ್ಲಿ ನಾಲ್ಕು ಜನ ಅಂತ ತಿಳಿಸಿದ್ದೀರಿ. ದಿನಕ್ಕೆ 70 ಗ್ರಾಂ, ಒಬ್ಬರಿಗೆ ಹದಿನೇಳೂವರೆ ಗ್ರಾಂ. ಎಣ್ಣೆಗೆ 100 ಗ್ರಾಂಗೆ 884 ಕ್ಯಾಲರಿ. ನಿಮ್ಮ ಪಾಲಿಗೆ 155 ಬರುತ್ತದೆ, ನೀವು ಬರೆದಿರುವುದು 44. ಇಲ್ಲಿ 111 ತಪ್ಪಿದೆ. ಬಾಣಲೆಯಲ್ಲಿ ಉಳಿದದ್ದು, ಒಬ್ಬರು ಹೆಚ್ಚು ಒಬ್ಬರು ಕಡಿಮೆ ತಿಂದದ್ದು ಇದೆಲ್ಲ ಸೇರಿ ಸ್ವಲ್ಪ ಆಚೀಚೆ ಆಗಬಹುದು. ಆದರೂ ಪ್ರತಿ ಒಗ್ಗರಣೆಯಲ್ಲೂ ಚಮಚ ಎಣಿಸುವುದಕ್ಕಿಂತ ಬಾಟಲಿ ತೂಗುವುದು ಸುಲಭ, ನಿಖರವೂ ಹೌದು. ಕೊಬ್ಬಿನಲ್ಲಿ ಗ್ರಾಂಗೆ 9 ಕ್ಯಾಲರಿ, ಪ್ರೋಟೀನು ಮತ್ತು ಕಾರ್ಬೋಹೈಡ್ರೇಟ್‌ನಲ್ಲಿ ತಲಾ 4. ಹಾಗಾಗಿ ಎಣ್ಣೆ, ಬೆಣ್ಣೆ, ಬೀಜಗಳಲ್ಲಿ ಮಾಡುವ ಸಣ್ಣ ತಪ್ಪು ತರಕಾರಿಯಲ್ಲಿ ಮಾಡುವ ದೊಡ್ಡ ತಪ್ಪಿಗಿಂತ ಭಾರಿ. ನೀವು ಸೌತೆಕಾಯಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದ್ದೀರಿ, ಎಣ್ಣೆಯನ್ನು ಅಂದಾಜಿನಲ್ಲಿ ಬಿಟ್ಟಿದ್ದೀರಿ. ಅದನ್ನು ತಿರುಗಿಸಿ. ಸೌತೆಕಾಯಿ ಅಂದಾಜಿನಲ್ಲಿರಲಿ.

ಮೂರನ್ನೂ ಕೂಡಿಸೋಣ. ಅಕ್ಕಿಗೆ 138 ಸೇರಿಸಿ, ಎಣ್ಣೆಗೆ 111 ಸೇರಿಸಿ, ಮೊಸರಿನ 82 ಕಳೆಯಿರಿ. ಒಟ್ಟು 167 ಹೆಚ್ಚು. ನೀವು ತಿನ್ನುತ್ತಿದ್ದದ್ದು 1480 ಅಲ್ಲ, ಸುಮಾರು 1647.

ಕಾಣೆಯಾದ 344ರಲ್ಲಿ ಅರ್ಧದಷ್ಟು ಸಿಕ್ಕಿತು. ಉಳಿದ 177 ಎಲ್ಲಿ? ಇದನ್ನು ಲಾಗ್‌ನಲ್ಲಿ ಹುಡುಕುತ್ತಾ ಕೂರಬೇಡಿ. ನನ್ನ ಪ್ರಕಾರ ಅದರಲ್ಲಿ ಹೆಚ್ಚಿನ ಪಾಲು ಆ 1962ರಲ್ಲಿದೆ. ಮಿಫ್ಲಿನ್ ಸೂತ್ರ ಹೇಳುವುದು ಸರಾಸರಿ ಮನುಷ್ಯರ ಮಾತು. ಒಬ್ಬೊಬ್ಬರಲ್ಲಿ ಅದು ಶೇಕಡಾ 10ರಷ್ಟು ಆಚೀಚೆ ಇರುವುದು ಮಾಮೂಲು. ಅದರ ಮೇಲೆ ನೀವು ಗುಣಿಸಿದ 1.4 ಇನ್ನೂ ದೊಡ್ಡ ಅಂದಾಜು. ಕೂತು ಮಾಡುವ ಕೆಲಸ, ವಾರಕ್ಕೆ ಎರಡು ಸಲ ನಡಿಗೆ ಅಂತ ಬರೆದಿದ್ದೀರಿ. ಅದಕ್ಕೆ 1.3 ಸಾಕಾಗಬಹುದಿತ್ತು. ಒಂದಿಷ್ಟು ಪಾಲು ಬರೆಯದೆ ಬಿಟ್ಟ ತುತ್ತುಗಳೂ ಇರಬಹುದು, ಅದು ಎಲ್ಲರಿಗೂ ಆಗುತ್ತದೆ.

ಈ ಪಾಲು ಯಾವುದು, ಆ ಪಾಲು ಯಾವುದು ಅಂತ ಬಿಡಿಸಿ ತಿಳಿಯುವ ಅಗತ್ಯವೂ ಇಲ್ಲ. ಸರಿಪಡಿಸಿದ ಲಾಗ್ 1647 ಅನ್ನುತ್ತದೆ, ತೂಕ 138ರ ಇಳಿಕೆ ತೋರಿಸಿದೆ. ಎರಡನ್ನೂ ಕೂಡಿಸಿದರೆ 1785. ನಿಮ್ಮ ಮೈ ದಿನಕ್ಕೆ ಖರ್ಚು ಮಾಡುವುದು ಇಷ್ಟು, ನಿಮ್ಮದೇ ಲಾಗ್‌ನ ಅಳತೆಗೋಲಿನಲ್ಲಿ. ನೀವು ಬರೆಯುವಾಗ ದಿನಾ ಒಂದೇ ರೀತಿ ಸ್ವಲ್ಪ ಕಮ್ಮಿ ಬರೆದರೂ ಪರವಾಗಿಲ್ಲ, ಆ ಕಮ್ಮಿ ಈ ಸಂಖ್ಯೆಯೊಳಗೇ ಸೇರಿಹೋಗಿರುತ್ತದೆ. ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ, ಒಂದು ದಿನ ಖಾಲಿ ಅಂತ ಬರೆದರೆ ಮಾತ್ರ ಕಷ್ಟ. ಪೂರ್ತಿ ಬರೆಯದ ದಿನಗಳನ್ನು ಸರಾಸರಿಗೆ ಸೇರಿಸಬೇಡಿ. ನಿಮ್ಮಲ್ಲಿ 640 ಕ್ಯಾಲರಿಯ ಒಂದು ಭಾನುವಾರ ಇದೆ, ಮಧ್ಯಾಹ್ನದ ಮೇಲೆ ಏನೂ ಬರೆದಿಲ್ಲ. ಅಂಥ ದಿನವನ್ನು ತೆಗೆದುಬಿಡಿ.

ಈಗ ಗುರಿ. ವಾರಕ್ಕೆ 300 ಗ್ರಾಂ ಇಳಿಯಬೇಕಾದರೆ ದಿನಕ್ಕೆ 330 ಕ್ಯಾಲರಿ ಕಮ್ಮಿ ಮಾಡಬೇಕು. 1785ರಲ್ಲಿ 330 ಕಳೆದರೆ 1455, 1450 ಅಂತ ಇಟ್ಟುಕೊಳ್ಳಿ. ನೋಡಿ, ಗುರಿ ನಿಮ್ಮ ಹಳೆಯ 1500ಕ್ಕೆ ಹತ್ತಿರವೇ ಇದೆ. ಆದರೆ ಈ ಸಲ ಅದು ಸರಿಯಾದ ಅಕ್ಕಿ, ಸರಿಯಾದ ಎಣ್ಣೆ ಸೇರಿದ 1450. ತಟ್ಟೆಯಲ್ಲಿ ಮೊದಲಿಗಿಂತ ದಿನಕ್ಕೆ 200ರಷ್ಟು ಕಮ್ಮಿ ಆಗುತ್ತದೆ. 1200ಕ್ಕೆ ಇಳಿಸಿದ್ದರೆ ಹಸಿವು ತಡೆಯಲಾಗದೆ ಲಾಗ್ ಬರೆಯುವುದೇ ನಿಂತುಹೋಗುತ್ತಿತ್ತು. ನನ್ನ ಬಳಿ ಬಂದ ಬಹಳ ಜನರ ಶೀಟ್ ಖಾಲಿಯಾಗುವುದು ಸರಿಯಾಗಿ ಅಲ್ಲೇ.

ಗುರಿಯನ್ನು ದಿನದ ಲೆಕ್ಕದಲ್ಲಿ ಬರೆಯಿರಿ, ತೀರ್ಮಾನವನ್ನು ಮಾತ್ರ ವಾರದ ಸರಾಸರಿ ನೋಡಿ ಮಾಡಿ. ಒಂದು ದಿನ 1700 ಆದರೆ ಆ ಮನೆಗೆ ಕೆಂಪು ಬಣ್ಣ ಬಳಿಯುವ ಅಗತ್ಯವಿಲ್ಲ. ಕ್ಯಾಲರಿ ಜೊತೆ ಇನ್ನೊಂದೇ ಒಂದು ಗುರಿ ಇರಲಿ, ಪ್ರೋಟೀನು. ತೂಕ ಇಳಿಸುವಾಗ ಸ್ನಾಯು ಕರಗದಿರಲು ಪ್ರತಿ ಕೆಜಿ ತೂಕಕ್ಕೆ ಸುಮಾರು 1.2 ಗ್ರಾಂ, ನಿಮಗೆ 86 ಗ್ರಾಂ. ನಿಮ್ಮ ಲಾಗ್‌ನಲ್ಲಿ ಅದು 50ರ ಹತ್ತಿರ ಇದೆ. ಕಾಳು, ಮೊಸರು, ಮೊಟ್ಟೆ ಸ್ವಲ್ಪ ಹೆಚ್ಚಿಸಿ. ಹಸಿವೂ ಹತೋಟಿಗೆ ಬರುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಏರಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಮೊದಲು ಊಟದ ವಿಷಯದಲ್ಲಿ ಮನಸ್ಸಿನ ಕಾಯಿಲೆ ಅನುಭವಿಸಿದವರು ಈ ಲೆಕ್ಕವನ್ನು ಒಬ್ಬರೇ ಮಾಡಿಕೊಳ್ಳಬಾರದು.

ಒಂದು ಮಿತಿ ಹೇಳಲೇಬೇಕು. ಆ ಅರ್ಧ ಕೆಜಿಯಲ್ಲಿ 200 ಗ್ರಾಂ ನೀರಿನ ಆಟ ಇದ್ದರೆ 138 ಅನ್ನುವುದು 83 ಆಗಬಹುದು, 193 ಕೂಡ ಆಗಬಹುದು. ಅದರಲ್ಲೂ ಮೊದಲ ವಾರದಿಂದ ಎರಡನೇ ವಾರಕ್ಕೆ ಇಳಿದ 300 ಗ್ರಾಂನಲ್ಲಿ ಗ್ಲೈಕೋಜನ್‌ನ ನೀರು ಇದ್ದೇ ಇರುತ್ತದೆ. ಊಟ ಕಮ್ಮಿ ಮಾಡಿದ ಆರಂಭದಲ್ಲಿ ಎಲ್ಲರಿಗೂ ಹಾಗೆ ಆಗುತ್ತದೆ. ಹಾಗಾಗಿ 1785ನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಇನ್ನು ನಾಲ್ಕು ವಾರ 1450ರಲ್ಲಿ ನಡೆದು, ಒಂಬತ್ತನೇ ವಾರದ ಸರಾಸರಿಯನ್ನು ಐದನೆಯದರ ಜೊತೆ ಇಟ್ಟು ಇದೇ ಲೆಕ್ಕ ಮತ್ತೆ ಮಾಡಿ. ತೂಕ ಇಳಿದಂತೆ ಖರ್ಚೂ ಇಳಿಯುತ್ತದೆ, ಅದಕ್ಕೆ ನಾಲ್ಕು ವಾರಕ್ಕೊಮ್ಮೆ ಈ ಲೆಕ್ಕ ಬೇಕೇ ಬೇಕು.

ಒಂಬತ್ತನೇ ವಾರದ ಸರಾಸರಿ 70.2ರ ಸುತ್ತ ಬಂದರೆ 1785 ಸರಿಯಿತ್ತು ಅಂತ ಅರ್ಥ. 70.8ರಲ್ಲೇ ನಿಂತಿದ್ದರೆ ಖರ್ಚನ್ನು 1600ರ ಆಸುಪಾಸು ಅಂತ ತಿದ್ದಿಕೊಳ್ಳಬೇಕಾಗುತ್ತದೆ. ಆದರೆ ಗುರಿ ಬದಲಿಸುವ ಮೊದಲು ಪಟ್ಟಿಯ ಸಾಲುಗಳನ್ನೇ ಇನ್ನೊಮ್ಮೆ ನೋಡಿ. ಇವತ್ತು ಸಂಜೆ ಕೂತು ನೀವು ಹೆಚ್ಚು ಸಲ ಬರೆದಿರುವ ಹದಿನೈದು ಆಹಾರಗಳನ್ನು ಆರಿಸಿ. ಹಸಿಯೋ ಬೆಂದದ್ದೋ, ಸಿಪ್ಪೆ ಸೇರಿಯೋ ಬಿಟ್ಟೋ, ಕಿಲೋಕ್ಯಾಲರಿಯೋ ಕಿಲೋಜೂಲೋ ಅಂತ ಒಂದೊಂದನ್ನೂ ಮೂಲ ಪಟ್ಟಿಯ ಜೊತೆ ತಾಳೆ ನೋಡಿ. ನಿಮ್ಮ ಬಾಳೆಹಣ್ಣಿನ ಸಾಲಿನಲ್ಲಿ 372 ಅಂತಿದೆ. ಅದು ಕಿಲೋಜೂಲ್. 4.184ರಿಂದ ಭಾಗಿಸಿದರೆ 89 ಬರುತ್ತದೆ. ಐದು ವಾರದಲ್ಲಿ ಒಂದೂ ಬಾಳೆಹಣ್ಣು ಬರೆದಿಲ್ಲವಾದ್ದರಿಂದ ಅದು ಇನ್ನೂ ಲೆಕ್ಕ ಕೆಡಿಸಿಲ್ಲ.